ಹುಡುಗ ಒಪ್ಪಿದ್ದಾನಾ, ಹುಡುಗನ ಮನೆಯವರು ಒಪ್ಪಿದ್ದಾರಾ?

(ನಮ್ಮ ಕುಟುಂಬದ ವಾಟ್ಸಾಪ್ ಗುಂಪು. ದೀಪಾಳನ್ನು ನೋಡಲು ಬಂದಿದ್ದ ಹುಡುಗನ ತಾಯಿ ಕಳಿಸಿದ ವಾಯ್ಸ್ ಮೆಸೇಜನ್ನು ದೊಡ್ಡಪ್ಪ ಇಲ್ಲಿ ಹಾಕಿದ್ದಾರೆ: "ನಮಗೆಲ್ಲಾ ಒಪ್ಪಿಗೆ, ಗುರುವಾರ ತಾಂಬೂಲ ಬದಲಾಯಿಸೋಣ.")

ದೊಡ್ಡಪ್ಪ: ಎಲ್ಲರೂ ಕೇಳಿದಿರಲ್ಲ? 36ಕ್ಕೆ 26 ಗುಣ ಕೂಡಿದೆ, 18 ಇದ್ದರೆ ಸಾಕು ಅನ್ನುತ್ತಾರೆ. ಇನ್ನು ಆಷಾಢ ಬಂದರೆ ಮತ್ತೆ ಒಂದು ತಿಂಗಳು ಕೂರಬೇಕು. ಗುರುವಾರಕ್ಕೆ ಹೂಂ ಅಂದುಬಿಡಲಾ?

ಅತ್ತೆ: ಅಂದುಬಿಡಿ ಅಣ್ಣ. ಎಷ್ಟು ಸಂಸ್ಕಾರದ ಹುಡುಗ! ಅಜ್ಜಿಯ ಕಾಲಿಗೆ ಬಿದ್ದ, ಕೇಸರಿಬಾತ್ ಇನ್ನೊಂದು ಸಲ ಹಾಕಿಸಿಕೊಂಡ, ತಟ್ಟೆ ತಾನೇ ಎತ್ತಿಕೊಂಡು ಹೋದ.

ದೀಪಾ: ಅತ್ತೆ, ಅದೆಲ್ಲಾ ನಿಜ. ಆದರೆ ಮಹಡಿ ಮೇಲೆ ನಾವಿಬ್ಬರೇ ಮಾತಾಡಿದ್ದು ನಿಮಗೆ ಯಾರಿಗೂ ಗೊತ್ತಿಲ್ಲ. ನನ್ನದು ಡಿಸಿಸಿ ಬ್ಯಾಂಕ್, ಜಿಲ್ಲೆ ಬಿಟ್ಟು ಹೊರಗೆ ವರ್ಗ ಇಲ್ಲ, ನಿಮ್ಮ ಕೆಲಸ ಬೆಂಗಳೂರಲ್ಲಿ, ಹಾಗಾದರೆ ನಾನು ಕೆಲಸ ಬಿಡಬೇಕಾ ಅಂತ ಕೇಳಿದೆ. "ನೋಡೋಣ, ಆಮೇಲೆ ಸರಿಹೋಗುತ್ತೆ" ಅಂದರು. ಮನೆಯವರ ಜೊತೆ ಇರುತ್ತೀವಾ, ಬೇರೆ ಮನೆ ಮಾಡುತ್ತೀವಾ ಅಂದೆ. "ಅಮ್ಮನನ್ನು ಕೇಳಬೇಕು." ಕೊನೆಗೆ ನೇರವಾಗಿ, ನಿಮಗೆ ಈ ಸಂಬಂಧ ಇಷ್ಟಾನಾ ಅಂದೆ. "ಮನೆಯವರಿಗೆ ಇಷ್ಟ ಆಗಿದೆ" ಅಂದರು. ನನ್ನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅತ್ತೆ: ನಾಚಿಕೆ ಕಣೇ. ನಿಮ್ಮ ಮಾವ ನನ್ನನ್ನು ನೋಡಲು ಬಂದಾಗ ಬಾಯಿಯನ್ನೇ ಬಿಟ್ಟಿರಲಿಲ್ಲ.

ದೀಪಾ: ನಾಚಿಕೆ ಆಗಿದ್ದರೆ ಎಲ್ಲದಕ್ಕೂ ಆಗಬೇಕಿತ್ತಲ್ವಾ? ಬೈಕ್ ಬಗ್ಗೆ ಸುಮ್ನೆ ಕೇಳಿದ್ದಕ್ಕೆ ಮೈಲೇಜಿಂದ ಹಿಡಿದು ಆಗುಂಬೆ ಘಾಟಿಯ ತಿರುವಿನವರೆಗೆ ಹತ್ತು ನಿಮಿಷ ಮಾತಾಡಿದರು. ಮುಂದಿನ ವರ್ಷದ ಮಾತು ಬಂದಾಗ ಮಾತ್ರ ಬಾಯಿ ಕಟ್ಟಿತು.

ಕಾರ್ತಿಕ್: ನಾನೂ ಹುಡುಗಿ ನೋಡಲು ಹೋದಾಗ ಸರಿಯಾಗಿ ಮಾತಾಡಿರಲಿಲ್ಲ ದೀಪಾ. ಕಿಟಕಿಯಿಂದ ನಾಲ್ಕು ಜನ ಇಣುಕುತ್ತಿದ್ದರೆ ಯಾರಿಗೆ ಮಾತು ಬರುತ್ತದೆ? ಆದರೆ ರಾತ್ರಿ ತಂಗಿಯ ಕೈಲಿ ನಂಬರ್ ತರಿಸಿಕೊಂಡು ನಾನೇ ಮೆಸೇಜ್ ಮಾಡಿದ್ದೆ. ಅವರು ಮಾಡಿದರಾ?

ದೀಪಾ: ನಂಬರ್ ತಗೊಂಡಿದ್ದಾರೆ. ನಾನು "ಊರು ಸೇರಿದಿರಾ" ಅಂದಿದ್ದಕ್ಕೆ ಒಂದು ಕೈ ಮುಗಿಯುವ ಇಮೋಜಿ. ಅಷ್ಟೇ, ಐದು ದಿನ ಆಯಿತು.

ಕಾರ್ತಿಕ್: ಹಾಗಾದರೆ ನನ್ನ ಕಥೆ ಇಲ್ಲಿ ಹೊಂದಲ್ಲ ಬಿಡು.

ದೊಡ್ಡಪ್ಪ: ಐದು ದಿನ ಮೆಸೇಜ್ ಬರಲಿಲ್ಲ ಅಂತ ಸಂಬಂಧ ಬಿಡುವುದಾ? ಅವನಿಗೆ ಆಫೀಸು ಇರಲ್ವಾ? ತಾಯಿಯೇ ಒಪ್ಪಿಗೆ ಅಂತ ಹೇಳಿದ್ದಾರೆ.

ಚಿಕ್ಕಪ್ಪ: ಅಣ್ಣಾ, ತಾಯಿ ಹೇಳಿದ್ದಾರೆ, ಅದೇ ನನ್ನ ತಕರಾರು. ನಾಲ್ಕು ಜನರ ಮುಂದೆ ಮರ್ಯಾದೆಯಿಂದ ಇರುವುದನ್ನು ಮನೆಯಲ್ಲಿ ಕಲಿಸಿರುತ್ತಾರೆ, ಮದುವೆ ಇಷ್ಟ ಇಲ್ಲದವನೂ ಕಾಲಿಗೆ ಬೀಳುತ್ತಾನೆ. ಕೋರ್ಟಲ್ಲಿ ಇಂಥವು ನೋಡಿದ್ದೇನೆ. ಒತ್ತಾಯದಿಂದ ಒಪ್ಪಿಸಿದ ಮದುವೆಯನ್ನು ರದ್ದು ಮಾಡಿಸಲು 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಂ ಇದೆ, ಒತ್ತಾಯ ನಿಂತ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಆದರೆ "ಅಮ್ಮ ಅತ್ತರು, ಅದಕ್ಕೆ ಹೂಂ ಅಂದೆ" ಅನ್ನುವುದನ್ನು ಒತ್ತಾಯ ಅಂತ ಸಾಬೀತು ಮಾಡುವುದು ಬಹಳ ಕಷ್ಟ. ತಾಂಬೂಲಕ್ಕೆ ಮುಂಚೆ ಕೇಳುವುದಕ್ಕೆ ಒಂದು ಫೋನ್ ಸಾಕು.

ಅತ್ತೆ: ಶುಭ ಕಾರ್ಯದಲ್ಲಿ ಕೋರ್ಟ್ ಯಾಕಪ್ಪ ತರುತ್ತೀಯ! ಅವನಿಗೆ ಬೇರೆ ಹುಡುಗಿ ಇದ್ದಾಳೆ ಅಂತಾನಾ ನಿಮ್ಮ ಅನುಮಾನ?

ದೀಪಾ: ಇಲ್ಲ ಅತ್ತೆ, ನಾನು ಹಾಗೆ ಹೇಳಲೇ ಇಲ್ಲ. ಸಾಲ ಇರಬಹುದು, ವಿದೇಶಕ್ಕೆ ಹೋಗುವ ಯೋಚನೆ ಇರಬಹುದು, ಅಥವಾ ನಾನೇ ಇಷ್ಟ ಆಗದೆ ಹೇಳಲು ಸಂಕೋಚ ಇರಬಹುದು. ಕಾರಣ ಊಹೆ ಮಾಡಲ್ಲ. ಅವರಿಗೆ ಬೇಡ ಅನ್ನುವುದಕ್ಕೆ ದಾರಿ ಬಿಡಬೇಕು. ಬೇಡ ಅಂದರೆ ಅವರ ಮನೆಯಲ್ಲಿ ಯುದ್ಧ ಆಗುತ್ತದೆ ಅನ್ನುವ ಹೆದರಿಕೆ ಇದ್ದರೆ ಇನ್ನೂ ಹತ್ತು ಸಲ ಕೇಳಿದರೂ "ನೋಡೋಣ" ಅಂತಲೇ ಬರುತ್ತದೆ. ಈಗಷ್ಟೇ ಇದನ್ನು ಕಳಿಸಿದ್ದೇನೆ: "ನಿಮಗೆ ಈ ಮದುವೆ ಬೇಡವಾಗಿದ್ದರೆ ನನಗೆ ಹೇಳಿ, ಹುಡುಗಿ ಕಡೆಯಿಂದಲೇ ಬೇಡ ಅಂದೆವು ಅಂತ ನಾವು ತಿಳಿಸುತ್ತೇವೆ, ನಿಮ್ಮ ಹೆಸರು ಬರಲ್ಲ. ಬೇಕಿದ್ದರೆ ಭಾನುವಾರ ಶಿವಮೊಗ್ಗಕ್ಕೆ ಒಬ್ಬರೇ ಬನ್ನಿ, ನನ್ನ ಕೆಲಸದ ವಿಷಯ ತೀರ್ಮಾನ ಮಾಡೋಣ."

ದೊಡ್ಡಪ್ಪ: ನನ್ನನ್ನು ಕೇಳದೆ ಕಳಿಸಿಬಿಟ್ಟೆಯಾ?!

ಕಾರ್ತಿಕ್: ಅವನಿಗೂ ಒಳ್ಳೆಯದೇ ಮಾಡಿದ್ದಾಳೆ ದೊಡ್ಡಪ್ಪ.

ಅತ್ತೆ: ಹುಡುಗಿ ಕಡೆಯಿಂದ ಬೇಡ ಅಂದರೆ ನಾಳೆ ನಮ್ಮ ಹುಡುಗಿಗೇ ಕೆಟ್ಟ ಹೆಸರು. ಅದನ್ನೂ ಯೋಚನೆ ಮಾಡಿ.

ದೀಪಾ: ಮಾಡಿದ್ದೇನೆ ಅತ್ತೆ. ಆ ಹೆಸರು ಪರವಾಗಿಲ್ಲ.

ದೀಪಾ: ನೀಲಿ ಟಿಕ್ ಬಂತು. ಉತ್ತರ ಇಲ್ಲ.

ದೊಡ್ಡಪ್ಪ: ಸರಿ, ಅಜ್ಜಿಗೆ ಮೈ ಹುಷಾರಿಲ್ಲ ಅಂತ ಗುರುವಾರದ್ದನ್ನು ಮುಂದೆ ಹಾಕುತ್ತೇನೆ. ಆದರೆ ಭಾನುವಾರದವರೆಗೆ ಮಾತ್ರ. ಅಜ್ಜಿಗೆ ಯಾರಾದರೂ ಮೊದಲೇ ಹೇಳಿಡಿ, ಫೋನ್ ಬಂದರೆ ಗಟ್ಟಿಯಾಗಿದ್ದೀನಿ ಅಂದುಬಿಟ್ಟಾರು.