ಶುಗರ್ ಇದೆ, ಒಸಡಿನಲ್ಲಿ ರಕ್ತ: ಹಲ್ಲಿನ ಡಾಕ್ಟರಿಗೆ ಏನೇನು ಹೇಳಬೇಕು?

ರಶ್ಮಿ: ಅಮ್ಮನಿಗೆ 58 ವರ್ಷ, ಬಹಳ ದಿನದಿಂದ ಶುಗರ್ ಇದೆ. ಬ್ರಶ್ ಮಾಡುವಾಗ ರಕ್ತ ಬರುತ್ತದೆ, ಒಂದು ದವಡೆ ಹಲ್ಲು ಅಲುಗಾಡುತ್ತಿದೆ. ನೋವಿಲ್ಲ. ಹಲ್ಲಿನ ಡಾಕ್ಟರಿಗೆ ಏನೇನು ಹೇಳಬೇಕು? ಅನುಭವ ಇದ್ದವರು ತಿಳಿಸಿ.

ಮಂಜುನಾಥ್: ಮೊದಲು ಶುಗರ್ ಕಂಟ್ರೋಲ್‌ಗೆ ತನ್ನಿ, ಆಮೇಲೆ ಹಲ್ಲು ನೋಡಿಸಿ. ಶುಗರ್ ಜಾಸ್ತಿ ಇದ್ದರೆ ಗಾಯ ಮಾಯೋದು ನಿಧಾನ. ನಮ್ಮ ಅಣ್ಣನಿಗೆ ಹಲ್ಲು ಕೀಳುವುದನ್ನು ಇದೇ ಕಾರಣಕ್ಕೆ ಮುಂದೆ ಹಾಕಿದ್ದರು.

ಸವಿತಾ (ದಂತವೈದ್ಯೆ): ಮಂಜುನಾಥ್ ಅವರೇ, ಕೀಳುವ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅವಸರ ಇಲ್ಲದಿದ್ದರೆ ಸ್ವಲ್ಪ ಕಾಯುತ್ತೇವೆ. ಆದರೆ ತೋರಿಸುವುದಕ್ಕೇ ಕಾಯಬಾರದು. ಶುಗರ್ ಹೆಚ್ಚಿದ್ದರೆ ಒಸಡು ಸೋಂಕನ್ನು ತಡೆಯಲಾರದು, ಹಲ್ಲು ಹಿಡಿದಿರುವ ಮೂಳೆ ಬೇಗ ಕರಗುತ್ತದೆ. ಇತ್ತ ಒಸಡಿನ ಉರಿಯೂತ ರಕ್ತಕ್ಕೂ ಸೇರಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಂತೆ ಮಾಡುತ್ತದೆ. ಒಸಡಿನ ಕೆಳಗೆ ಹಲ್ಲಿಗೆ ಗಟ್ಟಿಯಾಗಿ ಅಂಟಿದ ಕಲ್ಲು ತೆಗೆಸಿದರೆ, ಹಿಂದಿನ ಎರಡು-ಮೂರು ತಿಂಗಳ ಶುಗರ್ ಹೇಗಿತ್ತು ಅಂತ ತೋರಿಸುವ ಎಚ್‌ಬಿಎ1ಸಿ ಮೂರ್ನಾಲ್ಕು ತಿಂಗಳಲ್ಲಿ ಸರಾಸರಿ 0.4ರಷ್ಟು ಇಳಿಯುತ್ತದೆ. ಮಾತ್ರೆಗೆ ಬದಲಿ ಅಲ್ಲ, ಆದರೂ ಕಡಿಮೆಯೇನಲ್ಲ.

ನೋವಿಲ್ಲ ಅಂತ ಸುಮ್ನೆ ಇರಬೇಡಿ ರಶ್ಮಿ. ಈ ಕಾಯಿಲೆ ಹೆಚ್ಚಾಗಿ ನೋವಿಲ್ಲದೆಯೇ ಬೆಳೆಯುತ್ತದೆ. ಇತ್ತೀಚಿನ ಎಚ್‌ಬಿಎ1ಸಿ ರಿಪೋರ್ಟ್, ಎಲ್ಲ ಮಾತ್ರೆಗಳ ಚೀಟಿ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನು ಮೊದಲು ಹೇಳಿ, ನೀವೇ ನಿಲ್ಲಿಸಬೇಡಿ. ಶುಗರ್ ಇಳಿದು ಕೈ ನಡುಗಿದ್ದು, ಬೆವರಿದ್ದು ಇದ್ದರೆ ಅದನ್ನೂ ಹೇಳಿ.

ಗಿರಿಜಮ್ಮ: ನನಗೆ ಒಸಡು ಊದಿ ಹಲ್ಲಿನ ಮೇಲೇ ಬೆಳೆದಂತಿತ್ತು. ಕೊನೆಗೆ ಬಿಪಿಗೆ ತಗೊಳ್ಳುತ್ತಿದ್ದ ಆಮ್ಲೋಡಿಪಿನ್ ಕಾರಣ ಅಂದರು. ಡಾಕ್ಟರ್ ಮಾತ್ರೆ ಬದಲಿಸಿದರು. ಬಿಪಿ ಮಾತ್ರೆಗೂ ಹಲ್ಲಿಗೂ ಏನು ಸಂಬಂಧ ಅಂತ ನಾನು ಹೇಳಿರಲೇ ಇಲ್ಲ.

ಸವಿತಾ: ಹೌದು ಗಿರಿಜಮ್ಮ, ಅದಕ್ಕೇ ಶುಗರ್ ಮಾತ್ರೆಯಷ್ಟೇ ಅಲ್ಲ, ಎಲ್ಲದರ ಹೆಸರೂ ಬೇಕು.

ಹರೀಶ್: ನಮ್ಮ ಮಾವನವರಿಗೆ ಎಚ್‌ಬಿಎ1ಸಿ 9.2 ಇತ್ತು. ಆಳವಾಗಿ ಕ್ಲೀನ್ ಮಾಡಿಸಿ ಮೂರು ತಿಂಗಳಾದ ಮೇಲೆ 8.6. ಮಾತ್ರೆ ಅದೇ. ಆದರೆ ಆಗಲೇ ವಾಕಿಂಗ್ ಶುರುಮಾಡಿದ್ದರು, ಯಾವುದರಿಂದ ಎಷ್ಟು ಇಳಿಯಿತೋ ಹೇಳಲಾರೆ. ಕ್ಲೀನ್ ಆದಮೇಲೆ ಹಲ್ಲಿನ ಸಂದು ಜಾಸ್ತಿ ಕಂಡು, ‘ಇವರೇ ಸಡಿಲ ಮಾಡಿಬಿಟ್ಟರು’ ಅಂತ ಮಾವ ರೇಗಿದರು. ಕಲ್ಲು ತುಂಬಿದ್ದ ಜಾಗ ಖಾಲಿಯಾಗಿದ್ದು ಅಷ್ಟೇ.

ರಶ್ಮಿ: ರಕ್ತ ಪರೀಕ್ಷೆಗೆ ಹೋದಂತೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಅಮ್ಮ ಬೆಳಿಗ್ಗೆ ಗ್ಲಿಮೆಪಿರೈಡ್ ತಗೋತಾರೆ. ಆ ಹಲ್ಲು ಉಳಿಯಬಹುದಾ?

ಸವಿತಾ: ಬೇಡವೇ ಬೇಡ. ಆ ಮಾತ್ರೆ ತಗೊಂಡು ತಿನ್ನದಿದ್ದರೆ ಶುಗರ್ ಕುರ್ಚಿಯಲ್ಲೇ ಇಳಿದುಬಿಡಬಹುದು. ತಿಂಡಿ ತಿಂದು, ಮಾತ್ರೆ ತಗೊಂಡು ಬೆಳಗಿನ ಹೊತ್ತಿಗೆ ಬರಲಿ. ಎಷ್ಟು ಹೊತ್ತಿಗೆ ತಿಂದರು ಅಂತ ಡಾಕ್ಟರಿಗೆ ಹೇಳಿ. ಹಲ್ಲಿನ ಮಾತು ಎಕ್ಸ್‌ರೇಯಲ್ಲಿ ಮೂಳೆ ಎಷ್ಟು ಉಳಿದಿದೆ ಅಂತ ನೋಡದೆ ಹೇಳಲು ಆಗಲ್ಲ. ಅಷ್ಟರೊಳಗೆ ಕೀವು, ಮುಖ ಊತ ಅಥವಾ ಜ್ವರ ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅಂದೇ ಕರೆದುಕೊಂಡು ಹೋಗಿ, ಶುಗರ್ ಎಷ್ಟೇ ಇರಲಿ.