ಶನಿವಾರ ರಾತ್ರಿಯಿಂದ ಮೇಲ್ ಇರುವುದಿಲ್ಲ: ನಮ್ಮ ಸಿಬ್ಬಂದಿ ಗುಂಪಿನ ಪ್ರಶ್ನೋತ್ತರ

ನೋಟಿಸು (ಸರ್ವರ್ ರೂಮ್, ಕಾಸರಗೋಡು): ಮೇಲ್ ಸರ್ವರ್ ಬದಲಾಗುತ್ತಿದೆ. ಶನಿವಾರ ರಾತ್ರಿ 10ರಿಂದ ಭಾನುವಾರ ಮಧ್ಯಾಹ್ನ 2ರವರೆಗೆ ಮೇಲ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಆ ಹೊತ್ತಿನಲ್ಲಿ ಔಟ್‌ಲುಕ್ ಕೆಂಪು ಗುರುತು ತೋರಿಸುತ್ತದೆ, ಪಾಸ್‌ವರ್ಡ್ ಕೇಳಬಹುದು. Cancel ಒತ್ತಿ ಬಿಟ್ಟುಬಿಡಿ. ಪಾಸ್‌ವರ್ಡ್ ಬದಲಾಗಿಲ್ಲ. ಏನಾದರೂ ಕೇಳಲಿಕ್ಕಿದ್ದರೆ ಇಲ್ಲೇ ಕೇಳಿ, ಫೋನ್ ಮಾಡಬೇಡಿ.

ಕುಂಬಳೆ ಶಾಖೆ: ಸರ್, ಆ 16 ಗಂಟೆಯಲ್ಲಿ ಪಾರ್ಟಿಯವರು ಕಳಿಸಿದ ಮೇಲ್ ಎಲ್ಲಾ ಹೋದ ಹಾಗೆಯಾ?

ಸರ್ವರ್ ರೂಮ್: ಇಲ್ಲ. ಕಳಿಸಿದವರ ಸರ್ವರ್ ಅದನ್ನು ಸಾಲಿನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಸಾಮಾನ್ಯವಾಗಿ 4-5 ದಿನ ಬಿಡುವುದಿಲ್ಲ. ಕೆಲವರಿಗೆ "ತಡವಾಗಿದೆ" ಅಂತ ಒಂದು ಮೇಲ್ ವಾಪಸ್ ಹೋಗಬಹುದು, ಅದು ಬೌನ್ಸ್ ಅಲ್ಲ, ಮೇಲ್ ತಲುಪುವುದೇ ಇಲ್ಲ ಅಂತ ಅರ್ಥ ಅಲ್ಲ. ಒಟಿಪಿ ಮಾತ್ರ ಬಂದರೂ ಪ್ರಯೋಜನವಿಲ್ಲ, ಅಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಮೇಲ್‌ನಲ್ಲಿ ಮಾತ್ರ ಒಟಿಪಿ ಬರುವ ಕೆಲಸ ಇದ್ದರೆ ಶನಿವಾರವೇ ಮುಗಿಸಿ.

ಪೆರ್ಲ ಖರೀದಿ: ನೋಟಿಸು ಮಲಯಾಳದಲ್ಲಿ ಮತ್ತು ಇಂಗ್ಲಿಷಿನಲ್ಲಿ ಬಂತು. ಕನ್ನಡದಲ್ಲಿ ಇಲ್ಲಿ ಮಾತ್ರ. ನಮ್ಮಲ್ಲಿ ಆರು ಜನ ಕನ್ನಡ ಮಾತ್ರ ಓದುವವರು. ಅವರಿಗೆ ಯಾರು ಹೇಳುವುದು?

ಮಂಜೇಶ್ವರ ಸೇಲ್ಸ್: ಡೌನ್‌ಟೈಮ್ ಅಂದ್ರೆ ಮೂರು ಭಾಷೆಯಲ್ಲೂ ಡೌನ್‌ಟೈಮೇ ಮಾರಾಯ್ರೇ, ಅದಕ್ಕೆ ಕನ್ನಡ ಎಂತ ಬರೀತೀರಿ.

ಪೆರ್ಲ ಖರೀದಿ: "ಮೇಲ್ ಇರುವುದಿಲ್ಲ" ಅಂತ ಬರೆದ್ರೆ ಸಾಕಲ್ವಾ? ಸರ್ವರ್ ರೂಮಿನವರು ಈಗಷ್ಟೇ ಹಾಗೆಯೇ ಬರೆದದ್ದು.

ಬದಿಯಡ್ಕ ಲೆಕ್ಕ: ಅಣ್ಣಾ, ನನಗೊಂದು ಸಂಶಯ. ವೆಬ್‌ಮೇಲ್‌ನಲ್ಲಿ ನೋಡಿದ್ರೆ ಎರಡು ವಾರದ ಮೇಲ್ ಮಾತ್ರ ಕಾಣ್ತದೆ. ಔಟ್‌ಲುಕ್‌ನಲ್ಲಿ 2016ರಿಂದ ಎಲ್ಲಾ ಉಂಟು. ಇದು ಸರಿಯಾ? ಮತ್ತೆ ಈ ಕಂಪ್ಯೂಟರ್ ಕೆಲವು ದಿನದಿಂದ ಟಿಕ್ ಟಿಕ್ ಅಂತ ಸದ್ದು ಮಾಡ್ತಾ ಇದೆ.

ಮಂಜೇಶ್ವರ ಸೇಲ್ಸ್: ಏನೂ ಆಗ್ಲಿಕ್ಕಿಲ್ಲ ಅಕ್ಕಾ. ಮೇಲ್ ಎಲ್ಲಾ ಸರ್ವರ್‌ನಲ್ಲೇ ಇರ್ತದೆ, ಔಟ್‌ಲುಕ್ ಬರೀ ಕಿಟಕಿ. ಸರ್ವರ್ ಸಾಗಿಸಿದ್ರೆ ಎಲ್ಲಾ ಬರ್ತದೆ.

ಸರ್ವರ್ ರೂಮ್: ಅವರು ಹೇಳಿದ್ದು ಮೇಲನ್ನು ಸರ್ವರ್‌ನಲ್ಲೇ ಇಟ್ಟು ತೋರಿಸುವ ಐಮ್ಯಾಪ್‌ಗೆ ಸರಿ. ಅಕ್ಕನದ್ದು ಐಮ್ಯಾಪ್ ಅಲ್ಲ ಅಂತ ಅನಿಸುತ್ತಿದೆ. ಅಕ್ಕಾ, ಔಟ್‌ಲುಕ್‌ನಲ್ಲಿ File, ನಂತರ Account Settings ಒತ್ತಿ, ಮತ್ತೆ Account Settings. ನಿಮ್ಮ ವಿಳಾಸದ ಪಕ್ಕ Type ಅಂತ ಇರುವ ಕಡೆ ಏನು ಬರೆದಿದೆ?

ಬದಿಯಡ್ಕ ಲೆಕ್ಕ: POP/SMTP

ಸರ್ವರ್ ರೂಮ್: ಅದೇ. ಬೇರೆಯವರೂ ಇದನ್ನು ಒಮ್ಮೆ ಓದಿ, ಹಳೆ ಕಂಪ್ಯೂಟರ್ ಇರುವವರಲ್ಲಿ ಕೆಲವರದ್ದು ಹೀಗೇ ಇರಬಹುದು.

ಪಾಪ್ ಅಂದರೆ ಔಟ್‌ಲುಕ್ ಬಂದ ಮೇಲನ್ನು ಸರ್ವರ್‌ನಿಂದ ಎಳೆದು ತನ್ನ ಕಂಪ್ಯೂಟರಿಗೆ ಹಾಕಿಕೊಳ್ಳುತ್ತದೆ. ನಿಮ್ಮ ಸೆಟ್ಟಿಂಗ್‌ನಲ್ಲಿ Remove from server after 14 days ಅಂತ ಟಿಕ್ ಇರಬೇಕು, ಅದಕ್ಕೇ ವೆಬ್‌ಮೇಲ್‌ನಲ್ಲಿ ಎರಡೇ ವಾರ. ಉಳಿದದ್ದೆಲ್ಲಾ ನಿಮ್ಮ ಮೇಜಿನ ಕೆಳಗಿರುವ ಆ ಡಬ್ಬಿಯಲ್ಲಿ, .pst ಅಂತ ಕೊನೆಯಾಗುವ ಒಂದೇ ಒಂದು ಫೈಲಿನಲ್ಲಿ ಇದೆ. ನಾನು ಸಾಗಿಸುವುದು ಸರ್ವರ್‌ನಲ್ಲಿ ಇರುವುದನ್ನು ಮಾತ್ರ. 2016ರ ಮೇಲ್ ನನ್ನ ಕೈಯಲ್ಲಿ ಇಲ್ಲವೇ ಇಲ್ಲ.

ನಿಜ ಹೇಳಬೇಕೆಂದರೆ ನನಗೆ ಈಗ ಭಾನುವಾರದ ಚಿಂತೆ ಇಲ್ಲ. ಆ ಟಿಕ್ ಟಿಕ್ ಸದ್ದಿನ ಚಿಂತೆ. ಅದು ಹಾರ್ಡ್ ಡಿಸ್ಕಿನದ್ದಾಗಿದ್ದರೆ ಸರ್ವರ್ ಬದಲಾಗಲಿ ಬಿಡಲಿ, ಆ ಫೈಲ್ ಯಾವತ್ತು ಬೇಕಾದರೂ ಹೋಗಬಹುದು. ಈಗಲೇ ನಕಲು ಮಾಡಿ. ಅದೇ Account Settings ಕಿಟಕಿಯಲ್ಲಿ Data Files ಅಂತ ಇದೆ, ಅಲ್ಲಿ ಫೈಲ್ ಎಲ್ಲಿದೆ ಅಂತ ತೋರಿಸುತ್ತದೆ. Open File Location ಒತ್ತಿ. ಆಮೇಲೆ ಔಟ್‌ಲುಕ್ ಪೂರ್ತಿ ಮುಚ್ಚಿ, ತೆರೆದಿದ್ದರೆ ನಕಲು ಆಗುವುದಿಲ್ಲ. ಕಂಪ್ಯೂಟರ್ ಆಫ್ ಮಾಡಬೇಡಿ. ಅಂಥ ಡಿಸ್ಕ್ ಒಮ್ಮೆ ನಿಂತರೆ ಮತ್ತೆ ಏಳದೇ ಇರಬಹುದು.

ಮುಳ್ಳೇರಿಯ ಶಾಖೆ: ಭಾನುವಾರ ಮೇಲ್ ಉಂಟಾ?

ಸರ್ವರ್ ರೂಮ್: ಮೇಲೆ ನೋಟಿಸಿನಲ್ಲಿದೆ.

ಕುಂಬಳೆ ಶಾಖೆ: ಇದು ಇನ್ನೊಂದು ಗುಂಪಿನಲ್ಲಿ ಬಂತು: "ಸರ್ವರ್ ಬದಲಾದಾಗ ಮೇಲ್ ಬರದಿದ್ದರೆ ಅಕೌಂಟ್ ಡಿಲೀಟ್ ಮಾಡಿ ಮತ್ತೆ ಸೇರಿಸಿ, ಫೋನಿನಲ್ಲೂ ಹಾಗೇ ಮಾಡಿ, 100% ಸರಿಯಾಗುತ್ತದೆ. ಎಲ್ಲರಿಗೂ ಕಳಿಸಿ." ಮಾಡಬಹುದಾ?

ಸರ್ವರ್ ರೂಮ್: ಮಾಡಬೇಡಿ. ಎಲ್ಲರಿಗೂ ಕಳಿಸಲೂ ಬೇಡಿ. ಸರ್ವರ್ ಬಂದ್ ಇರುವಾಗ ಡಿಲೀಟ್ ಮಾಡಿದರೆ ಮತ್ತೆ ಸೇರಿಸಲಿಕ್ಕೇ ಆಗುವುದಿಲ್ಲ. ಅರ್ಧ ಬರೆದಿಟ್ಟ ಮೇಲ್, ಔಟ್‌ಬಾಕ್ಸ್‌ನಲ್ಲಿ ಕಾಯುತ್ತಿರುವ ಮೇಲ್ ಸರ್ವರ್‌ಗೆ ತಲುಪಿಯೇ ಇರುವುದಿಲ್ಲ, ಅದು ಹೋಯಿತು. ಥಂಡರ್‌ಬರ್ಡ್‌ನಲ್ಲಿ ಡಿಲೀಟ್ ಮಾಡುವಾಗ Remove message data ಅಂತ ಒಂದು ಟಿಕ್ ಕೇಳುತ್ತದೆ. ಪಾಪ್ ಇರುವವರು ಅದನ್ನು ಒತ್ತಿದರೆ ವರ್ಷಗಳ ಮೇಲ್ ಒಂದೇ ಏಟಿಗೆ ಹೋಗುತ್ತದೆ. ಇದನ್ನು ಬರೆದವನಿಗೆ ನಮ್ಮ ಸರ್ವರ್ ಯಾವುದು ಅಂತಲೂ ಗೊತ್ತಿಲ್ಲ, ಆದರೆ 100% ಅಂತ ಬರೆದಿದ್ದಾನೆ.

ಕುಂಬಳೆ ಶಾಖೆ: ನಾನು ಕೇಳಿದ್ದು ಮಾತ್ರ ಸರ್. ಸಿಟ್ಟು ಯಾಕೆ.

ಉಪ್ಪಳ ಗೋದಾಮು: ನನ್ನದೂ POP/SMTP. ಆದರೆ ಸರ್ವರ್‌ನಲ್ಲೂ ಎಲ್ಲಾ ಉಂಟು, 9 ವರ್ಷದ್ದು, ನಾನು ಒಂದನ್ನೂ ಅಳಿಸಿಲ್ಲ. ನನಗೆ ತೊಂದರೆ ಇಲ್ಲ ಅಲ್ವಾ?

ಸರ್ವರ್ ರೂಮ್: ಮೇಲ್ ಕಳೆಯುವುದಿಲ್ಲ. ತೊಂದರೆ ಬೇರೆ ಇದೆ. ನಿಮ್ಮ ಗೋದಾಮಿನಲ್ಲಿ ಅಡಿಕೆ ಚೀಲಕ್ಕೆ ಚೀಟಿ ಕಟ್ಟಿ ನಂಬರ್ ಹಾಕುತ್ತೀರಲ್ಲ. ಹಾಗೆಯೇ ಸರ್ವರ್ ಪ್ರತಿ ಮೇಲ್‌ಗೂ ಒಂದು ನಂಬರ್ ಕೊಡುತ್ತದೆ, ಔಟ್‌ಲುಕ್ ಆ ನಂಬರ್ ನೋಡಿ "ಇದು ನನ್ನ ಹತ್ತಿರ ಇದೆ" ಅಂತ ಬಿಡುತ್ತದೆ. ಹೊಸ ಸರ್ವರ್‌ನಲ್ಲಿ ಮೇಲ್ ಅದೇ, ಚೀಟಿ ಎಲ್ಲಾ ಹೊಸದು. ಔಟ್‌ಲುಕ್ ತನ್ನ ಪುಸ್ತಕದಲ್ಲಿ ಹುಡುಕುತ್ತದೆ, ಒಂದು ನಂಬರೂ ಸಿಗುವುದಿಲ್ಲ, 9 ವರ್ಷದ ಮೇಲ್ ಅಷ್ಟನ್ನೂ ಹೊಸ ಮಾಲು ಅಂತ ಮತ್ತೆ ಇಳಿಸುತ್ತದೆ. ಎಲ್ಲಾ ಎರಡೆರಡು ಆಗುತ್ತದೆ. ಬದಿಯಡ್ಕದ ಅಕ್ಕನಿಗೂ ಆಗುತ್ತದೆ, ಆದರೆ ಎರಡು ವಾರದ್ದು ಮಾತ್ರ.

ಇನ್ನೊಂದು ಕೇಳಬೇಕು. ನಿಮ್ಮ ಔಟ್‌ಲುಕ್‌ನಲ್ಲಿ ರೂಲ್ ಏನಾದರೂ ಹಾಕಿದ್ದೀರಾ? ಬಂದ ಮೇಲ್ ತನ್ನಷ್ಟಕ್ಕೆ ಬೇರೆಯವರಿಗೆ ಹೋಗುವ ಹಾಗೆ?

ಉಪ್ಪಳ ಗೋದಾಮು: ಉಂಟು. ಲೋಡಿನ ಆರ್ಡರ್ ಬಂದ್ರೆ ಟ್ರಾನ್ಸ್‌ಪೋರ್ಟ್‌ನವರಿಗೆ ಫಾರ್ವರ್ಡ್ ಆಗ್ತದೆ. ಬಹಳ ಉಪಕಾರ ಅದು.

ಸರ್ವರ್ ರೂಮ್: ಭಾನುವಾರ ಉಪಕಾರ ಆಗುವುದಿಲ್ಲ. ಮತ್ತೆ ಇಳಿಯುವ ಹಳೆಯ ಮೇಲ್ ಕೂಡ ಔಟ್‌ಲುಕ್‌ಗೆ "ಈಗ ಬಂದದ್ದು". ರೂಲ್ ಪ್ರತಿಯೊಂದರ ಮೇಲೂ ಓಡುತ್ತದೆ. 9 ವರ್ಷದ ಆರ್ಡರ್ ಎಲ್ಲಾ ಟ್ರಾನ್ಸ್‌ಪೋರ್ಟ್‌ನವರಿಗೆ ಹೋಗುತ್ತದೆ. ಶನಿವಾರ ಸಂಜೆ File ಒಳಗೆ Manage Rules & Alerts ತೆರೆದು ಎಲ್ಲಾ ಟಿಕ್ ತೆಗೆಯಿರಿ. ಎಲ್ಲಾ ಅಂದರೆ ಎಲ್ಲಾ. ಔಟ್‌ಲುಕ್ ಮುಚ್ಚಿ, ಭಾನುವಾರ ತೆರೆಯಬೇಡಿ. ಸೋಮವಾರ ನಾನು ಅದೇ ವಿಳಾಸವನ್ನು ಐಮ್ಯಾಪ್ ಆಗಿ ಹೊಸದಾಗಿ ಸೇರಿಸಿಕೊಡುತ್ತೇನೆ. ಇರುವ ಪಾಪ್ ಅಕೌಂಟನ್ನೇ ಐಮ್ಯಾಪ್‌ಗೆ ತಿರುಗಿಸಲಿಕ್ಕೆ ಔಟ್‌ಲುಕ್‌ನಲ್ಲಿ ದಾರಿ ಇಲ್ಲ.

ಮಂಜೇಶ್ವರ ಸೇಲ್ಸ್: ನಂಬರ್ ಉಳಿಸಿಕೊಂಡೇ ಸಾಗಿಸಬಹುದಲ್ಲ? ನನ್ನ ತಮ್ಮನ ಕಂಪೆನಿಯಲ್ಲಿ ಯಾರಿಗೂ ಗೊತ್ತೇ ಆಗದ ಹಾಗೆ ಮಾಡಿದ್ರಂತೆ.

ಸರ್ವರ್ ರೂಮ್: ಎರಡೂ ಕಡೆ ಡವ್‌ಕಾಟ್ ಅನ್ನುವ ಸರ್ವರ್ ಸಾಫ್ಟ್‌ವೇರ್ ಇದ್ದರೆ ಅದರದ್ದೇ ಸಾಧನದಲ್ಲಿ ನಂಬರ್ ಸಮೇತ ಸಾಗಿಸಬಹುದು. ನಮ್ಮ ಹಳೆಯದು ಬೇರೆ ಜಾತಿಯದ್ದು. `imapsync` ಅನ್ನುವ ಪ್ರೋಗ್ರಾಂ ಹಾಕಿ ಒಂದೊಂದೇ ಮೇಲ್ ನಕಲು ಮಾಡಬೇಕು. ಓದಿದ್ದು ಓದದ್ದು ಗುರುತು ಉಳಿಯುತ್ತದೆ, ನಂಬರ್ ಉಳಿಯುವುದಿಲ್ಲ. ತಮ್ಮನನ್ನು ಭಾನುವಾರ ಕಳಿಸಿ, ಚಹಾ ಕೊಡುತ್ತೇನೆ.

ಪೆರ್ಲ ಖರೀದಿ: ಭಾನುವಾರವೇ ಯಾಕೆ ಅಂತ ಯಾರೂ ಕೇಳಲಿಲ್ಲ. ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಲಾರಿ ಹೊರಡ್ತದೆ.

ಉಪ್ಪಳ ಗೋದಾಮು: ಎಲ್ಲರಿಗೂ ಒಂದೊಂದು ದಿನ ಲಾರಿ ಉಂಟು ಸ್ವಾಮಿ. ಹಾಗೆ ನೋಡಿದ್ರೆ ಸರ್ವರ್ ಬದಲಾಯಿಸ್ಲಿಕ್ಕೇ ಇಲ್ಲ.

ಪೆರ್ಲ ಖರೀದಿ: ಗೋದಾಮಿನವರಿಗೆ ಯಾವಾಗಲೂ ಹೆಡ್ ಆಫೀಸಿನದ್ದೇ ಸರಿ.

ಬದಿಯಡ್ಕ ಲೆಕ್ಕ: ಅಣ್ಣಾ, ಫೈಲ್ ಸಿಕ್ಕಿತು, 6.8 ಜಿಬಿ. 32 ಜಿಬಿಯ ಪೆನ್‌ಡ್ರೈವ್ ಖಾಲಿಯೇ ಉಂಟು, ಮದುವೆ ಫೋಟೋ ಸ್ವಲ್ಪ ಇದೆ ಅಷ್ಟೆ. ಆದ್ರೂ ತೆಗೆದುಕೊಳ್ಳುವುದಿಲ್ಲ. The file is too large for the destination file system ಅಂತ ಬರ್ತದೆ.

ಕುಂಬಳೆ ಶಾಖೆ: ಫಾರ್ಮ್ಯಾಟ್ ಮಾಡಿ ಅಕ್ಕಾ, ಸರಿಯಾಗ್ತದೆ.

ಸರ್ವರ್ ರೂಮ್: ಮದುವೆ ಫೋಟೋ ಇದೆ ಅಂದರಲ್ಲ, ಓದಲಿಲ್ಲವಾ? ಅಕ್ಕಾ, ಫಾರ್ಮ್ಯಾಟ್ ಬೇಡ. ಆ ಪೆನ್‌ಡ್ರೈವ್ FAT32 ಆಗಿರಬೇಕು. ಜಾಗ ಎಷ್ಟೇ ಇದ್ದರೂ 4 ಜಿಬಿಗಿಂತ ದೊಡ್ಡ ಒಂದು ಫೈಲನ್ನು ಅದು ಒಳಗೆ ಬಿಡುವುದಿಲ್ಲ. ಹೊರಗಿನ ಹಾರ್ಡ್ ಡಿಸ್ಕ್ ಸಿಗುತ್ತದಾ? ಅದು NTFS ಅಥವಾ exFAT ಇದ್ದರೆ ಹೋಗುತ್ತದೆ. ನಕಲು ಆದ ಮೇಲೆ ಎರಡೂ ಫೈಲಿನ Properties ತೆರೆದು ಬೈಟ್ ಲೆಕ್ಕ ಒಂದೇ ಇದೆಯಾ ನೋಡಿ. ನೀವು ಲೆಕ್ಕದವರು, ಕೊನೆಯ ಅಂಕಿವರೆಗೂ ನೋಡಿ.

ಮುಳ್ಳೇರಿಯ ಶಾಖೆ: ಫೋನಿನಲ್ಲಿ ಸರ್ಟಿಫಿಕೇಟ್ ಅಂತ ಏನಾದ್ರೂ ಕೇಳಿದ್ರೆ?

ಮುಳ್ಳೇರಿಯ ಶಾಖೆ: ಯಾರಾದ್ರೂ ಹೇಳಿ

ಉಪ್ಪಳ ಗೋದಾಮು: ಪಾಸ್‌ವರ್ಡ್ ಕೇಳಿದ್ರೆ ಒಮ್ಮೆ ಹೊಡೆದು ನೋಡಬಹುದಲ್ವಾ?

ಸರ್ವರ್ ರೂಮ್: ಬೇಡ. ನೋಟಿಸಿನಲ್ಲಿ ಬರೆದಿದ್ದೇನೆ. ಶಾಖೆಯಲ್ಲಿ ಎಲ್ಲರೂ ಒಂದೇ ಇಂಟರ್‌ನೆಟ್ ಲೈನಿನಿಂದ ಹೊರಗೆ ಹೋಗುತ್ತೀರಿ. ಹೊಸ ಸರ್ವರ್ ಐದು ತಪ್ಪು ಪಾಸ್‌ವರ್ಡ್ ಕಂಡರೆ ಆ ಲೈನನ್ನೇ ತಡೆಯುತ್ತದೆ. ಒಬ್ಬರು ಹೊಡೆದು ನೋಡಿದ್ದಕ್ಕೆ ಇಡೀ ಶಾಖೆಗೆ ಮೇಲ್ ಇಲ್ಲ. ತೆರೆಯ ಮೇಲೆ 0x800CCC0E ಅಂತ ಬಂದರೆ ಸರ್ವರ್ ಸಿಗುತ್ತಿಲ್ಲ ಅಂತ ಅರ್ಥ, ಪಾಸ್‌ವರ್ಡ್ ತಪ್ಪು ಅಂತ ಅಲ್ಲ. 2 ಗಂಟೆಯ ನಂತರವೂ ಅದೇ ಬಂದರೆ ಆಗ ಹೇಳಿ.

ಬದಿಯಡ್ಕ ಲೆಕ್ಕ: ಪಕ್ಕದ ಸ್ಟುಡಿಯೋದವರ ಹಾರ್ಡ್ ಡಿಸ್ಕ್ ತಂದೆ. 40 ನಿಮಿಷ ಹಿಡಿಯಿತು, ಮಧ್ಯೆ ಎರಡು ಸಲ ನಿಂತ ಹಾಗಾಯ್ತು, ನನ್ನ ಜೀವವೇ ಹೋಯ್ತು. ಬೈಟ್ ಸರಿ ಉಂಟು.

ಸರ್ವರ್ ರೂಮ್: ಬೇರೆ ಕಂಪ್ಯೂಟರಿನ ಔಟ್‌ಲುಕ್‌ನಲ್ಲಿ File, Open & Export, Open Outlook Data File ಒತ್ತಿ ಆ ನಕಲನ್ನು ತೆರೆದು ನೋಡಿ. ತೆರೆಯುವವರೆಗೆ ಅದು ನಕಲು ಅಂತ ನಾನು ಒಪ್ಪುವುದಿಲ್ಲ.

ಬದಿಯಡ್ಕ ಲೆಕ್ಕ: ತೆರೆಯಿತು. ಎಲ್ಲಕ್ಕಿಂತ ಹಳೆಯದು 2016 ಜೂನ್‌ನದ್ದು, ತೂಕದ ಬಿಲ್ಲಿನಲ್ಲಿ 3 ಕಿಲೋ ವ್ಯತ್ಯಾಸ ಅಂತ ಪೆರ್ಲದವರು ಬರೆದದ್ದು.

ಪೆರ್ಲ ಖರೀದಿ: ಅದು ಇನ್ನೂ ಸರಿಯಾಗ್ಲಿಲ್ಲ ಅಕ್ಕಾ.

*(ಭಾನುವಾರ, ಮಧ್ಯಾಹ್ನ 2.05)*

ಸರ್ವರ್ ರೂಮ್: ಹೊಸ ಸರ್ವರ್ ಶುರುವಾಗಿದೆ. ತಡೆದಿಟ್ಟ ಮೇಲ್ ಸಂಜೆವರೆಗೆ ಒಂದೊಂದಾಗಿ ಬರುತ್ತದೆ.

ಮಂಜೇಶ್ವರ ಸೇಲ್ಸ್: ಫೋನಿನಲ್ಲಿ ಬಂತು, ಆಫೀಸ್ ಕಂಪ್ಯೂಟರಿನಲ್ಲಿ ಇನ್ನೂ 0x800CCC0E.

ಸರ್ವರ್ ರೂಮ್: ಅದು ಹಳೆಯ ಸರ್ವರ್‌ನ ವಿಳಾಸವನ್ನೇ ನೆನಪಿಟ್ಟುಕೊಂಡಿದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಹೊಡೆದು ಔಟ್‌ಲುಕ್ ಮುಚ್ಚಿ ತೆರೆಯಿರಿ:

```
ipconfig /flushdns
```

ಉಪ್ಪಳ ಗೋದಾಮು: ಅಣ್ಣಾ, ಒಮ್ಮೆ ನೋಡುವಾ ಅಂತ ಔಟ್‌ಲುಕ್ ತೆರೆದೆ. ರೂಲ್ ಎಲ್ಲಾ ತೆಗೆದಿದ್ದೆ, ಒಂದು ಉಳಿದಿತ್ತು ಅಂತ ಕಾಣ್ತದೆ. ಟ್ರಾನ್ಸ್‌ಪೋರ್ಟ್‌ನವನು ಫೋನ್ ಮಾಡಿದ. 2018ರ ಲೋಡಿಗೆ ಎಷ್ಟು ಲಾರಿ ಬೇಕು ಅಂತ ಕೇಳ್ತಾ ಇದ್ದಾನೆ.

ಸರ್ವರ್ ರೂಮ್: ನೆಟ್ ಕೇಬಲ್ ಎಳೆಯಿರಿ. ಈಗಲೇ. ಆಮೇಲೆ ಔಟ್‌ಬಾಕ್ಸ್‌ನಲ್ಲಿ ಎಷ್ಟು ಉಳಿದಿದೆ ಅಂತ ಹೇಳಿ.

ಉಪ್ಪಳ ಗೋದಾಮು: 1,140