ಪದಚರ್ಚೆ: ‘ತೆರಿಗೆಯ ನಂತರದ ಸಾಲದ ವೆಚ್ಚ’ ಎಂದರೆ ಓದುವವರಿಗೆ ಏನು ತಿಳಿಯುತ್ತದೆ?

ಗದಗದಿಂದ, ಪಠ್ಯ ಅನುವಾದಿಸುತ್ತಿರುವ ಉಪನ್ಯಾಸಕಿ

ಬಳಗದ ಎಲ್ಲರಿಗೂ ನಮಸ್ಕಾರ.

ಬಿ.ಕಾಂ. ವಿದ್ಯಾರ್ಥಿಗಳಿಗಾಗಿ ಹಣಕಾಸು ನಿರ್ವಹಣೆಯ ಪಾಠಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಂತ್ರವನ್ನು ಲೀಸಿಗೆ ತೆಗೆದುಕೊಳ್ಳಬೇಕೇ, ಕೊಳ್ಳಬೇಕೇ ಎಂಬ ಅಧ್ಯಾಯದಲ್ಲಿ ನಿಂತುಬಿಟ್ಟಿದ್ದೇನೆ. ಕೈಯಲ್ಲಿರುವ ಹಳೆಯ ಅನುವಾದದಲ್ಲಿ ಹೀಗಿದೆ: ‘ತೆರಿಗೆಯ ನಂತರದ ನಗದು ಹರಿವುಗಳಿಗೆ ತೆರಿಗೆಯ ನಂತರದ ಸಾಲದ ವೆಚ್ಚದಲ್ಲಿ ರಿಯಾಯಿತಿ ನೀಡಬೇಕು.’

ತರಗತಿಯಲ್ಲಿ ಇದನ್ನು ಓದಿಸಿದಾಗ ಒಬ್ಬ ಹುಡುಗಿ, ‘ತೆರಿಗೆ ಕಟ್ಟಿದ ಮೇಲೆ ಸಾಲ ತೆಗೆದುಕೊಳ್ಳಬೇಕೇ?’ ಎಂದು ಕೇಳಿದಳು. ಇನ್ನೊಬ್ಬನಿಗೆ ರಿಯಾಯಿತಿ ಕೊಡುವವರು ಯಾರು ಎಂಬ ಅನುಮಾನ. ವಾಕ್ಯ ಹೇಳುತ್ತಿರುವುದನ್ನೇ ಅವರು ಕೇಳಿದರು, ತಪ್ಪು ಅವರದಲ್ಲ. ‘ರಿಯಾಯಿತಿ’ಯ ಜಾಗದಲ್ಲಿ ಏನು ಬರೆಯಬೇಕು? ‘ತೆರಿಗೆಯ ನಂತರದ’ ಎಂಬುದನ್ನು ಸಾಲದಿಂದ ಬಿಡಿಸಿ ವೆಚ್ಚಕ್ಕೆ ಅಂಟಿಸುವುದು ಹೇಗೆ? ಲೀಸಿಗೆ ‘ಗುತ್ತಿಗೆ’ ಸಾಕೇ?

ಬೆಂಗಳೂರಿನಿಂದ, ಒಬ್ಬ ಸದಸ್ಯರು

ಮೇಡಂ, ಲೀಸಿಗೆ ‘ಭೋಗ್ಯ’ ಎಂಬ ಒಳ್ಳೆಯ ಪದ ಇರುವಾಗ ಗುತ್ತಿಗೆ ಏಕೆ? ನಾವಿರುವ ಮನೆಗೆ 12 ಲಕ್ಷ ಕೊಟ್ಟು ಮೂರು ವರ್ಷಕ್ಕೆ ಭೋಗ್ಯಪತ್ರ ಮಾಡಿಸಿಕೊಂಡಿದ್ದೇವೆ. ತಿಂಗಳ ಬಾಡಿಗೆ ಇಲ್ಲ. ಅವಧಿ ಮುಗಿದಾಗ ಹಣ ಪೂರ್ತಿ ವಾಪಸ್. ಕೊಳ್ಳುವುದಕ್ಕಿಂತ ಇದೇ ಲಾಭ ಎಂದು ನನ್ನ ಅನುಭವ. ತೆರಿಗೆಯ ಮಾತೇ ಇದರಲ್ಲಿ ಬರುವುದಿಲ್ಲವಲ್ಲ?

ಶಿವಮೊಗ್ಗದಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ

ಮನೆಯ ಲೀಸು ಬೇರೆ, ಮೇಡಂ ಕೇಳುತ್ತಿರುವುದು ಬೇರೆ. ಭೋಗ್ಯದಲ್ಲಿ ಹಣ ಕೊಡುವವರು ಮನೆಯಲ್ಲಿ ಇರುವವರೇ. ಅವರು ಮಾಲೀಕರಿಗೆ ಸಾಲ ಕೊಟ್ಟು, ಬಡ್ಡಿಯ ಬದಲು ಮನೆಯನ್ನು ಅನುಭವಿಸುತ್ತಾರೆ. ಯಂತ್ರದ ಲೀಸಿನಲ್ಲಿ ಒಂದು ಕಂಪನಿ ಯಂತ್ರವನ್ನು ಕೊಂಡು ನಮಗೆ ಬಳಸಲು ಕೊಡುತ್ತದೆ, ನಾವು ಕಂತಿನಲ್ಲಿ ಬಾಡಿಗೆ ಕಟ್ಟುತ್ತೇವೆ. ಇಲ್ಲಿ ಹಣ ಹೂಡಿದವರು ಯಂತ್ರ ಕೊಟ್ಟವರು. ಆದ್ದರಿಂದ ‘ಭೋಗ್ಯ’ ಎಂದು ಬರೆದರೆ ಅರ್ಥ ತಲೆಕೆಳಗಾಗುತ್ತದೆ. ‘ಗುತ್ತಿಗೆ’ಯೇ ಇರಲಿ.

ಸಾಲದ ವೆಚ್ಚದ ಬಗ್ಗೆ: ಬ್ಯಾಂಕು 10 ಪ್ರತಿಶತ ಬಡ್ಡಿ ಹಾಕುತ್ತದೆ ಎನ್ನಿ. ಆ ಬಡ್ಡಿಯನ್ನು ವ್ಯಾಪಾರದ ಖರ್ಚು ಎಂದು ತೋರಿಸಿದರೆ 30 ಪ್ರತಿಶತ ತೆರಿಗೆ ಕಟ್ಟುವವರಿಗೆ 3 ರೂಪಾಯಿ ಉಳಿಯುತ್ತದೆ. ನಿಜವಾಗಿ ಕೈಬಿಟ್ಟದ್ದು 7. ಅದೇ ತೆರಿಗೆಯ ನಂತರದ ವೆಚ್ಚ. ಕೊಳ್ಳುವ ಕಡೆ ಪ್ರತಿ ವರ್ಷ ಈ 7 ಪ್ರತಿಶತ ಬಡ್ಡಿಯನ್ನೂ ಖರ್ಚಾಗಿ ಬರೆದು, ಆಮೇಲೆ ಎಲ್ಲವನ್ನೂ ಇಂದಿನ ಬೆಲೆಗೆ ತರಬೇಕು.

ಮಂಗಳೂರಿನಿಂದ, ಲೆಕ್ಕಪರಿಶೋಧಕಿ

ಬ್ಯಾಂಕಿನ ಹಿರಿಯರು ಹೇಳಿದ 7 ಸರಿ. ಕೊನೆಯ ವಾಕ್ಯವನ್ನು ಮಾತ್ರ ನಾನು ಒಪ್ಪುವುದಿಲ್ಲ. ಪದ ಆರಿಸುವ ಮೊದಲು ಒಂದು ಲೆಕ್ಕ ಮಾಡಿಬಿಡೋಣ, ಯಾವ ಪದ ಎಲ್ಲಿ ಎಡವುತ್ತದೆ ಎಂಬುದು ಅದರಲ್ಲೇ ಕಾಣುತ್ತದೆ.

ಒಂದು ಸಂಸ್ಥೆಗೆ 10 ಲಕ್ಷ ರೂಪಾಯಿಯ ಕಂಪ್ಯೂಟರುಗಳು ಬೇಕು, ಮೂರು ವರ್ಷದ ಬಳಕೆಗೆ. ತೆರಿಗೆ 30 ಪ್ರತಿಶತ, ಸೆಸ್ ಬಿಟ್ಟುಬಿಡೋಣ. ಕಂಪ್ಯೂಟರಿಗೆ ಆದಾಯ ತೆರಿಗೆಯಲ್ಲಿ 40 ಪ್ರತಿಶತ ಸವಕಳಿ, ಅದೂ ಇಳಿಯುತ್ತಾ ಬರುವ ಬೆಲೆಯ ಮೇಲೆ. ಹಾಗಾಗಿ ಸವಕಳಿ ಮೊದಲ ವರ್ಷ 4,00,000, ಎರಡನೆಯ ವರ್ಷ 2,40,000, ಮೂರನೆಯ ವರ್ಷ 1,44,000.

ವಿದ್ಯಾರ್ಥಿಗಳು ಇಲ್ಲಿ 4,00,000 ಅನ್ನೇ ನಗದು ಹರಿವು ಎಂದು ಬರೆದುಬಿಡುತ್ತಾರೆ. ಸವಕಳಿಯಲ್ಲಿ ಒಂದು ರೂಪಾಯಿಯೂ ಪೆಟ್ಟಿಗೆಯಿಂದ ಆಚೆ ಹೋಗುವುದಿಲ್ಲ. ಅದರಿಂದ ಉಳಿಯುವ ತೆರಿಗೆ ಮಾತ್ರ ನಗದು: 1,20,000, 72,000, 43,200. ಮೂರು ವರ್ಷದ ಕೊನೆಗೆ ಪುಸ್ತಕದಲ್ಲಿ ಉಳಿಯುವ ಬೆಲೆ 2,16,000. ಮಾರಿದಾಗಲೂ ಅಷ್ಟೇ ಸಿಗುತ್ತದೆ ಎಂದು ಇಟ್ಟುಕೊಂಡಿದ್ದೇನೆ. ಬೇರೆ ಬೆಲೆಗೆ ಮಾರಿದರೆ ತೆರಿಗೆಯ ಲೆಕ್ಕ ಇನ್ನೊಂದು ಹೆಜ್ಜೆ ಬೇಡುತ್ತದೆ.

ಈಗ ಇವನ್ನು 7 ಪ್ರತಿಶತದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೆ, ಉಳಿದ ತೆರಿಗೆ ಸುಮಾರು 2,10,300, ಮಾರಿದ ಹಣ ಸುಮಾರು 1,76,300. ಹತ್ತು ಲಕ್ಷದಿಂದ ಎರಡನ್ನೂ ಕಳೆದರೆ ಕೊಳ್ಳುವುದರ ನಿವ್ವಳ ವೆಚ್ಚ 6,13,400.

ಗುತ್ತಿಗೆಯಲ್ಲಿ ವರ್ಷದ ಕೊನೆಗೆ 3,40,000 ಬಾಡಿಗೆ. ಅದು ಪೂರ್ತಿ ಖರ್ಚೆಂದು ಒಪ್ಪಿಗೆಯಾಗಿ 1,02,000 ತೆರಿಗೆ ಉಳಿಯುತ್ತದೆ, ನಿಜವಾಗಿ ಹೋಗುವುದು 2,38,000. ಮೂರು ವರ್ಷದ್ದನ್ನು 7ರಲ್ಲಿ ಇಳಿಸಿದರೆ 6,24,600. ಅಂದರೆ ಕೊಳ್ಳುವುದೇ ಸುಮಾರು 11,200 ರೂಪಾಯಿ ಅಗ್ಗ.

ಇದೇ ಲೆಕ್ಕವನ್ನು ಬ್ಯಾಂಕಿನ 10 ಪ್ರತಿಶತದಲ್ಲಿ ಮಾಡಿ ನೋಡಿ. ಗುತ್ತಿಗೆ 5,91,900 ಆಗುತ್ತದೆ, ಖರೀದಿ 6,36,700. ಗುತ್ತಿಗೆಯೇ ಸುಮಾರು 44,800 ಅಗ್ಗ ಎಂಬ ತದ್ವಿರುದ್ಧ ಉತ್ತರ ಬರುತ್ತದೆ. ಗುತ್ತಿಗೆಯ ಹೊರೆ ಮುಂದಿನ ವರ್ಷಗಳಲ್ಲಿದೆ, ಖರೀದಿಯ ಹೊರೆ ಇಂದೇ ಇದೆ. ದರ ಏರಿದಷ್ಟೂ ಮುಂದಿನ ಹೊರೆ ಹಗುರವಾಗಿ ಕಾಣುತ್ತದೆ. ಹರಿವುಗಳಲ್ಲಿ ತೆರಿಗೆಯನ್ನು ಲೆಕ್ಕಕ್ಕೆ ಹಿಡಿದು ದರದಲ್ಲಿ ಮರೆತರೆ ಈ ಗತಿ. ಮೇಡಂ, ಆ ವಾಕ್ಯದಲ್ಲಿ ಎರಡನೆಯ ‘ತೆರಿಗೆಯ ನಂತರದ’ ಎಂಬುದನ್ನು ಯಾವ ಕಾರಣಕ್ಕೂ ಬಿಡಬೇಡಿ.

ಇನ್ನು ಬಡ್ಡಿಯ ಮಾತು. ಸರ್, ಹತ್ತು ಲಕ್ಷ ಸಾಲ ತಂದಿರಿ ಎನ್ನಿ. ಪ್ರತಿ ವರ್ಷ ನಿವ್ವಳ ಬಡ್ಡಿ 70,000, ಮೂರನೆಯ ವರ್ಷದ ಕೊನೆಗೆ ಅಸಲು 10 ಲಕ್ಷ. ಇವನ್ನು 7ರಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೆ ಬಡ್ಡಿಯದು 1,83,700, ಅಸಲಿನದು 8,16,300, ಒಟ್ಟು ಸರಿಯಾಗಿ 10 ಲಕ್ಷ. ಅಂದರೆ ಇಂದು ಕೈಸೇರಿದ ಸಾಲಕ್ಕೂ ಮುಂದೆ ತೀರಿಸುವ ಹಣಕ್ಕೂ ಸರಿಹೋಯಿತು. ಬಡ್ಡಿ ಆಗಲೇ ದರದ ಒಳಗೆ ಕುಳಿತಿದೆ. ಅದನ್ನು ಮತ್ತೆ ಖರ್ಚಿನ ಸಾಲಿಗೆ ಬರೆದರೆ ಖರೀದಿಯ ವೆಚ್ಚ ಸುಮ್ಮನೆ 1,83,700 ಉಬ್ಬುತ್ತದೆ, ಯಾವ ಗುತ್ತಿಗೆಯಾದರೂ ಗೆದ್ದುಬಿಡುತ್ತದೆ. ಈ ತಪ್ಪನ್ನು ಹಿಡಿಯುವುದು ಸುಲಭ: ಬಡ್ಡಿ ಎಂಬ ಸಾಲು ಪಟ್ಟಿಯಲ್ಲಿದ್ದು ಅಸಲು ಮತ್ತು ಬಂದ ಸಾಲ ಇಲ್ಲದಿದ್ದರೆ ಲೆಕ್ಕ ಎರಡು ಸಲ ಆಗಿದೆ ಎಂದೇ ಅರ್ಥ.

ಪದಕ್ಕೆ ಬಂದರೆ, ‘ತೆರಿಗೆಯ ನಂತರದ’ ಎಂಬುದು ಎರಡು ಕಡೆ ಎರಡು ಕೆಲಸ ಮಾಡುತ್ತಿದೆ. ಆದಾಯಕ್ಕೆ ಸೇರಿದಾಗ ಕಟ್ಟಿದ ತೆರಿಗೆಯನ್ನು ಕಳೆಯಬೇಕು. ವೆಚ್ಚಕ್ಕೆ ಸೇರಿದಾಗ ಕಳೆಯಬೇಕಾದದ್ದು ಉಳಿದ ತೆರಿಗೆಯನ್ನು. ‘ತೆರಿಗೆ ಉಳಿತಾಯ ಕಳೆದ ಬಡ್ಡಿದರ’ ಎಂದು ಬಿಡಿಸಿ ಬರೆದರೆ ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಏಳುವುದೇ ಇಲ್ಲ. ಸಂಸ್ಥೆ ನಷ್ಟದಲ್ಲಿದ್ದು ತೆರಿಗೆಯನ್ನೇ ಕಟ್ಟುತ್ತಿಲ್ಲವಾದರೆ ಉಳಿತಾಯವೂ ಇಲ್ಲ, ದರ 10ರಲ್ಲೇ ನಿಲ್ಲುತ್ತದೆ. ಈ ಪದದಿಂದ ಅದೂ ತಾನಾಗಿ ತಿಳಿಯುತ್ತದೆ.

ಹುಬ್ಬಳ್ಳಿಯಿಂದ, ಸಗಟು ವ್ಯಾಪಾರದ ಮನೆತನದವರು

‘ರಿಯಾಯಿತಿ’ ಖಂಡಿತ ಬೇಡ. ಅಂಗಡಿಯಲ್ಲಿ ಗಿರಾಕಿಗೆ ಬಿಡುವುದು ರಿಯಾಯಿತಿ ಅಥವಾ ಸೋಡಿ. ಮೂರು ತಿಂಗಳ ನಂತರ ಬರಬೇಕಾದ ಹುಂಡಿಯನ್ನು ಇಂದೇ ಬ್ಯಾಂಕಿಗೆ ಕೊಟ್ಟು, ಬಡ್ಡಿ ಮುರಿದುಕೊಂಡು ಉಳಿದ ಹಣ ತರುವುದಕ್ಕೆ ನಮ್ಮಲ್ಲಿ ‘ವಟಾಯಿಸುವುದು’ ಎನ್ನುತ್ತಾರೆ. ಮೇಡಂ ಅವರಿಗೆ ಬೇಕಾದ ಅರ್ಥ ಇದೇ ಅಲ್ಲವೇ? ಮುಂದಿನ ಹಣಕ್ಕೆ ಇಂದಿನ ಬೆಲೆ ಕಟ್ಟುವುದು. ಇರುವ ಪದವನ್ನು ಬಿಟ್ಟು ಹೊಸದನ್ನು ಏಕೆ ಹುಡುಕಬೇಕು?

ಶಿವಮೊಗ್ಗದಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ

ಬಡ್ಡಿಯ ವಿಷಯ ಒಪ್ಪಿದೆ. ಆದರೆ ಮಂಗಳೂರಿನವರಲ್ಲಿ ಒಂದು ಮಾತು ಕೇಳಬೇಕು. ಬಾಡಿಗೆ ಕರಾರಿನಲ್ಲಿ ಬರೆದಿರುವ ಮೊತ್ತ, ಸಾಲದ ಕಂತಿನಷ್ಟೇ ಖಚಿತ. ಅದಕ್ಕೆ ಸಾಲದ ದರ ಹಾಕುವುದು ನ್ಯಾಯ. ಮೂರು ವರ್ಷದ ಹಳೆಯ ಕಂಪ್ಯೂಟರಿಗೆ 2,16,000 ಬಂದೇ ಬರುತ್ತದೆ ಎಂದು ಬರೆದುಕೊಟ್ಟವರು ಯಾರು? ಅದಕ್ಕೂ 7 ಹಾಕುವುದು ಹೇಗೆ?

ಅದೊಂದನ್ನು ಮಾತ್ರ 12 ಪ್ರತಿಶತದಲ್ಲಿ ಇಳಿಸಿ ನೋಡಿದೆ. ಮಾರಿದ ಹಣದ ಇಂದಿನ ಮೌಲ್ಯ 1,53,700ಕ್ಕೆ ಇಳಿದು, ಖರೀದಿಯ ವೆಚ್ಚ 6,36,000ಕ್ಕೆ ಏರುತ್ತದೆ. ಗುತ್ತಿಗೆ 6,24,600ರಲ್ಲೇ ಇದೆ. ಉತ್ತರ ಮತ್ತೆ ತಿರುಗಿತು.

ಮಂಗಳೂರಿನಿಂದ, ಲೆಕ್ಕಪರಿಶೋಧಕಿ

ನ್ಯಾಯವಾದ ಪ್ರಶ್ನೆ. ಮರುಮಾರಾಟದ ಹಣಕ್ಕೆ ಹೆಚ್ಚಿನ ದರ ಹಾಕುವ ಪದ್ಧತಿ ಇದೆ, ನಾನೂ ಹಾಕುತ್ತೇನೆ. ಎಷ್ಟು ಹೆಚ್ಚು ಎಂಬುದಕ್ಕೆ ಸೂತ್ರವಿಲ್ಲ. ಕೆಲವರು ದರವನ್ನು ಮುಟ್ಟದೆ 2,16,000 ಎಂಬ ಅಂದಾಜನ್ನೇ ತಗ್ಗಿಸುತ್ತಾರೆ. ಎರಡನ್ನೂ ಒಟ್ಟಿಗೆ ಮಾಡಿದರೆ ಒಂದೇ ಭಯಕ್ಕೆ ಎರಡು ಬಾರಿ ದಂಡ ಕಟ್ಟಿದಂತೆ. ಈ ಉದಾಹರಣೆಯಲ್ಲಿ ಮರುಮಾರಾಟದ ಹಣಕ್ಕೆ ಹಾಕುವ ದರ ಸುಮಾರು 9.4 ಪ್ರತಿಶತದ ಬಳಿ ಇದ್ದಾಗ ಗುತ್ತಿಗೆಯೂ ಖರೀದಿಯೂ ಸಮವಾಗುತ್ತವೆ. ಮಾರುವ ಬೆಲೆಯ ಬಗ್ಗೆ ಸಂಸ್ಥೆಗೆ ಎಷ್ಟು ಭರವಸೆ ಇದೆ ಎಂಬುದರ ಮೇಲೆ ಅದು ನಿರ್ಧರಿಸಬೇಕು.

ಹುಬ್ಬಳ್ಳಿಯವರ ‘ವಟಾಯಿಸು’ ಅರ್ಥದಲ್ಲಿ ಅಚ್ಚುಕಟ್ಟು. ಆದರೆ ನಮ್ಮ ಕಡೆಯ ವಿದ್ಯಾರ್ಥಿಗಳು ಈ ಪದವನ್ನು ಹುಂಡಿಯ ಪಾಠದ ಆಚೆ ಕೇಳಿಯೇ ಇಲ್ಲ. ಹುಂಡಿಯಲ್ಲಿ ಬ್ಯಾಂಕು ಮುರಿದುಕೊಳ್ಳುವುದು ಮುಖಬೆಲೆಯ ಮೇಲಿನ ಬಡ್ಡಿಯನ್ನು. ಇಲ್ಲಿ ನಾವು ಮಾಡುವುದು ಚಕ್ರಬಡ್ಡಿಯನ್ನು ಹಿಂದಕ್ಕೆ ಬಿಡಿಸುವ ಭಾಗಾಕಾರ. ಹತ್ತಿರದ ಕೆಲಸಗಳು, ಒಂದೇ ಅಲ್ಲ.

ಗದಗದಿಂದ, ಉಪನ್ಯಾಸಕಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ವಾಕ್ಯವನ್ನು ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: ‘ಗುತ್ತಿಗೆಯಲ್ಲಿಯೂ ಖರೀದಿಯಲ್ಲಿಯೂ ತೆರಿಗೆಯನ್ನು ಲೆಕ್ಕಕ್ಕೆ ಹಿಡಿದ ಮೇಲೆ ನಿಲ್ಲುವ ನಗದು ಹರಿವುಗಳನ್ನು, ತೆರಿಗೆ ಉಳಿತಾಯ ಕಳೆದ ಸಾಲದ ಬಡ್ಡಿದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿ ಹೋಲಿಸಬೇಕು.’ ಉದ್ದವಾಯಿತು, ಆದರೂ ಯಾವ ವಿಶೇಷಣ ಯಾವುದಕ್ಕೆ ಎಂಬ ಗೊಂದಲ ಉಳಿದಿಲ್ಲ. ಕಂಪ್ಯೂಟರಿನ ಲೆಕ್ಕವನ್ನು, ಮಂಗಳೂರಿನವರ ಒಪ್ಪಿಗೆಯಿದ್ದರೆ, ಅಧ್ಯಾಯಕ್ಕೆ ಸೇರಿಸಿಕೊಳ್ಳುತ್ತೇನೆ. ಮರುಮಾರಾಟದ ದರದ ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ ಎರಡೂ ಉತ್ತರಗಳೊಂದಿಗೆ ಕೊಡುತ್ತೇನೆ.

‘ವಟಾಯಿಸು’ ಪದವನ್ನು ಕೈಬಿಡಲು ಮನಸ್ಸಾಗುತ್ತಿಲ್ಲ. ‘ಇಳಿಸು’ ಕ್ರಿಯಾಪದವಾಗಿ ಸಲೀಸು, ಆದರೆ ದರಕ್ಕೆ ಹೆಸರಿಡುವಾಗ ‘ಇಳಿಸುವ ದರ’ ಎಂದರೆ ಬಡ್ಡಿಯನ್ನೇ ತಗ್ಗಿಸುವಂತೆ ಕೇಳಿಸುತ್ತದೆ, ‘ವಟಾವಿನ ದರ’ ಆಗ ಮೇಲು ಎನ್ನಿಸುತ್ತದೆ. ಕ್ರಿಯೆಗೆ ಒಂದು, ದರಕ್ಕೆ ಇನ್ನೊಂದು ಪದ ಇಟ್ಟ ಪಠ್ಯವನ್ನು ಯಾರಾದರೂ ಪಾಠ ಮಾಡಿದ್ದೀರಾ? ಮಕ್ಕಳು ಒಗ್ಗಿಕೊಂಡರೇ?

ಬೆಂಗಳೂರಿನಿಂದ, ಅದೇ ಸದಸ್ಯರು

ಈಗ ಅರ್ಥವಾಯಿತು. ಹಾಗಾದರೆ ನಮ್ಮ ಮನೆಯ ಲೆಕ್ಕದಲ್ಲಿ 12 ಲಕ್ಷವನ್ನು ಯಾವ ದರದಲ್ಲಿ ಇಳಿಸಬೇಕು? ಅದು ಸಾಲದ ಹಣವಲ್ಲ, ನಮ್ಮ ಠೇವಣಿ ಮುರಿಸಿ ಕೊಟ್ಟದ್ದು. ಠೇವಣಿಯ ಬಡ್ಡಿಗೆ ತೆರಿಗೆ ಕಟ್ಟುತ್ತಿದ್ದೆವು, ಅದನ್ನು ಕಳೆದ ದರವೇ?